ಕಲಕು, ಕಡೆ, ಮಗುಚು, ಕುಲುಕು

ಇಂಗ್ಲಿಷ್ ಪಾಕಪುಸ್ತಕಗಳಲ್ಲಿ ಪದಾರ್ಥಗಳನ್ನು ಒಂದುಗೂಡಿಸುವ ಕೆಲಸಕ್ಕೆ ಮುಖ್ಯವಾಗಿ ನಾಲ್ಕು ಕ್ರಿಯಾಪದಗಳು ಬಳಕೆಯಲ್ಲಿವೆ: ಸ್ಟರ್, ವಿಸ್ಕ್, ಫೋಲ್ಡ್ ಮತ್ತು ಟಾಸ್. ಮೇಲ್ನೋಟಕ್ಕೆ ನಾಲ್ಕರ ಫಲವೂ ಒಂದೇ, ಬೇರೆಬೇರೆಯಾಗಿದ್ದ ಪದಾರ್ಥಗಳು ಸೇರಿಕೊಳ್ಳುತ್ತವೆ. ಹಾಗಾಗಿಯೇ ಕನ್ನಡದ ಅಡುಗೆ ಅಂಕಣಗಳಲ್ಲಿ ನಾಲ್ಕಕ್ಕೂ 'ಚೆನ್ನಾಗಿ ಮಿಕ್ಸ್ ಮಾಡಿ' ಎಂಬ ಒಂದೇ ಮಾತು ಬಂದುಬಿಡುತ್ತದೆ. ಆದರೆ ಪಾಕವಿಧಾನ ಬರೆದವರು ಈ ನಾಲ್ಕನ್ನು ಬೇರೆಬೇರೆ ಕಾರಣಕ್ಕೆ ಆರಿಸಿರುತ್ತಾರೆ. ಪದಾರ್ಥದೊಳಗೆ ಗಾಳಿ ಸೇರಬೇಕೇ, ಸೇರಿದ ಗಾಳಿ ಉಳಿಯಬೇಕೇ, ತಳ ಹಿಡಿಯದಂತೆ ನೋಡಿಕೊಂಡರೆ ಸಾಕೇ, ಅಥವಾ ಅಗುಳು ಮುರಿಯದೆ ಮಸಾಲೆ ಹತ್ತಬೇಕೇ ಎಂಬುದನ್ನು ಆ ಒಂದು ಪದ ಹೇಳುತ್ತದೆ.

ಈ ವ್ಯತ್ಯಾಸವನ್ನು ಸಾಮಾನ್ಯ ಗೃಹಿಣಿಯರಿಗೂ ತಿಳಿಯುವಂತೆ ಪುಸ್ತಕದಲ್ಲಿ ವಿವರಿಸಿದವರಲ್ಲಿ ಅಮೆರಿಕದ ಫ್ಯಾನಿ ಫಾರ್ಮರ್ ಪ್ರಮುಖರು. 1896ರಲ್ಲಿ ಪ್ರಕಟವಾದ ಅವರ 'ಬಾಸ್ಟನ್ ಕುಕಿಂಗ್ ಸ್ಕೂಲ್ ಕುಕ್ ಬುಕ್' ಸಮತಟ್ಟಾಗಿ ತುಂಬಿದ ಚಮಚ, ಕಪ್ಪುಗಳ ಅಳತೆಯನ್ನು ಮನೆಮನೆಗೆ ತಲುಪಿಸಿದ ಪುಸ್ತಕವೆಂದು ಹೆಸರಾಗಿದೆ. ಅಳತೆಯ ಜೊತೆಗೇ ಅದರಲ್ಲಿ ಪದಾರ್ಥಗಳನ್ನು ಸೇರಿಸುವ ಮೂರು ಬಗೆಗಳ ವಿವರಣೆಯೂ ಇದೆ. ಕಲಕಿದರೆ ಪದಾರ್ಥಗಳು ಬೆರೆಯುತ್ತವೆ, ಬಡಿದರೆ ಗಾಳಿ ಒಳಸೇರುತ್ತದೆ, ಕತ್ತರಿಸಿ ಮಗುಚಿದರೆ ಒಳಸೇರಿದ ಗಾಳಿ ಹೊರಹೋಗದೆ ನಿಲ್ಲುತ್ತದೆ ಎಂಬುದು ಅದರ ತಿರುಳು. ಇಂದಿನ ಪಾಕಪುಸ್ತಕಗಳೂ ಬಹುಮಟ್ಟಿಗೆ ಇದೇ ವಿಂಗಡಣೆಯನ್ನು ಅನುಸರಿಸುತ್ತವೆ.

ಮೊದಲನೆಯದು ಸ್ಟರ್, ಅಂದರೆ ಕಲಕುವುದು ಅಥವಾ ಕೈಯಾಡಿಸುವುದು. ಸೌಟನ್ನೋ ಮರದ ಚಮಚವನ್ನೋ ಪಾತ್ರೆಯೊಳಗೆ ಸುತ್ತಿಸುವುದಷ್ಟೇ ಇಲ್ಲಿನ ಚಲನೆ. ಗಾಳಿ ಸೇರಿಸುವ ಉದ್ದೇಶ ಇದಕ್ಕಿಲ್ಲ. ಒಲೆಯ ಮೇಲಿರುವ ಪಾತ್ರೆಯಲ್ಲಿ ಶಾಖ ಎಲ್ಲ ಕಡೆಗೂ ಸಮನಾಗಿ ಹಂಚಿಕೆಯಾಗಬೇಕು, ಭಾರವಾದದ್ದು ತಳಕ್ಕೆ ಇಳಿದು ಸೀಯಬಾರದು. ಅಕ್ಕಿ ಪಾಯಸದಲ್ಲಿ ಪಿಷ್ಟ ತಳ ಸೇರುತ್ತದೆ, ಹಾಲಿನ ಪ್ರೋಟೀನು ಬಿಸಿ ತಳಕ್ಕೆ ಅಂಟುತ್ತದೆ. ಆದ್ದರಿಂದ ಪಾಯಸ ಕಲಕುವಾಗ ಸೌಟು ತಳವನ್ನು ಮುಟ್ಟಬೇಕು, ಅಂಚಿನ ಮೂಲೆಗಳನ್ನು ಕೆರೆಯಬೇಕು. ಮೇಲ್ಭಾಗದಲ್ಲಿ ಮಾತ್ರ ಸೌಟಾಡಿಸಿದರೆ ನೋಡಲು ಕಲಕಿದಂತೆ ಕಾಣುತ್ತದೆ, ತಳ ಮಾತ್ರ ಹಿಡಿಯುತ್ತದೆ. ಸೌಟಿನ ತುದಿಗೆ ತಳ ಒರಟಾಗಿ ತಗುಲತೊಡಗಿದರೆ ಸೀಯುವುದು ಶುರುವಾಗಿದೆ ಎಂದರ್ಥ. ಆಗ ಕೆರೆಯಲು ಹೋಗದೆ ಮೇಲಿನ ಪಾಯಸವನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳುವುದೇ ಸರಿ.

ಉಪ್ಪಿಟ್ಟಿನಲ್ಲಿ ಕಲಕುವುದಕ್ಕೆ ಇನ್ನೊಂದು ಕಾರಣವಿದೆ. ಕುದಿಯುವ ನೀರಿಗೆ ರವೆ ಬಿದ್ದ ಕೂಡಲೇ ಹೊರಗಿನ ಪಿಷ್ಟ ನೀರು ಕುಡಿದು ಅಂಟಾಗುತ್ತದೆ. ಒಂದು ಮುಷ್ಟಿ ರವೆ ಒಟ್ಟಿಗೆ ಬಿದ್ದರೆ ಆ ಅಂಟು ಹೊರಪದರ ಮುಚ್ಚಿಕೊಂಡು ಒಳಗಿನ ರವೆಗೆ ನೀರೇ ತಲುಪುವುದಿಲ್ಲ, ಗಂಟು ಉಳಿಯುತ್ತದೆ. ಒಂದು ಕೈಯಲ್ಲಿ ರವೆಯನ್ನು ಸಣ್ಣಗೆ ಸುರಿಯುತ್ತ ಇನ್ನೊಂದು ಕೈಯಲ್ಲಿ ಕಲಕುತ್ತಿರಬೇಕೆಂದು ಹೇಳುವುದು ಇದಕ್ಕೇ. ರವೆಯನ್ನು ಮೊದಲು ತುಪ್ಪದಲ್ಲಿ ಹುರಿದಿದ್ದರೆ ಕಾಳುಗಳಿಗೆ ಜಿಡ್ಡು ಹತ್ತಿರುವುದರಿಂದ ಗಂಟಾಗುವ ಭಯ ಕಡಿಮೆ. ರವೆ ನೀರನ್ನೆಲ್ಲ ಹೀರಿಕೊಂಡ ಮೇಲೆ ಕಲಕುವ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಆಮೇಲೂ ಕೈಯಾಡಿಸುತ್ತಲೇ ಇದ್ದರೆ ಉಪ್ಪಿಟ್ಟು ಉದುರಾಗುವ ಬದಲು ಮುದ್ದೆಯಾಗುತ್ತದೆ.

ಕಲಕಬೇಡಿ ಎಂಬ ಸೂಚನೆಗೂ ಅಷ್ಟೇ ಬಲವಾದ ಕಾರಣವಿರುತ್ತದೆ. ಸಕ್ಕರೆ ಪಾಕವನ್ನು ಸಕ್ಕರೆ ಕರಗುವವರೆಗೆ ಮಾತ್ರ ಕಲಕಬೇಕು. ಪಾಕ ಗಟ್ಟಿಯಾಗುತ್ತ ಬಂದ ಮೇಲೆ ಸೌಟು ಆಡಿಸಿದರೆ ಹರಳು ಕಟ್ಟಲು ಅದೇ ದಾರಿಯಾಗಿ, ತಣಿದಾಗ ಪಾಕ ಮರಳುಮರಳಾಗುತ್ತದೆ. ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದೂ ಹರಳು ಕಟ್ಟದಿರಲೆಂದೇ. ರಾಗಿ ಮುದ್ದೆಯಲ್ಲಿ ಕಲಕದಿರುವ ಹೊತ್ತು ಮತ್ತು ಕಲಕುವ ಹೊತ್ತು ಎರಡೂ ಇವೆ. ಕುದಿಯುವ ನೀರಿನ ನಡುವೆ ಹಿಟ್ಟನ್ನು ಗುಡ್ಡೆಯಾಗಿ ಹಾಕಿ ಕೆಲವು ನಿಮಿಷ ಮುಟ್ಟದೆ ಬೇಯಿಸುತ್ತಾರೆ. ಆಮೇಲೆ ಮುದ್ದೆ ಕೋಲಿನಿಂದ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸುತ್ತಾರೆ. ಎಷ್ಟು ಬಲವಾಗಿ ತೊಳಸಿದರೂ ರಾಗಿಗೆ ಹಾನಿಯಿಲ್ಲ, ಏಕೆಂದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲ. ಮೈದಾ ಹಿಟ್ಟಿನ ವಿಚಾರ ಹಾಗಲ್ಲ. ನೀರು ತಾಗಿದ ಮೈದಾವನ್ನು ಹೆಚ್ಚು ಕಲಕಿದಷ್ಟೂ ಗ್ಲುಟೆನ್ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ. ಚಪಾತಿ ಹಿಟ್ಟಿಗೆ ಆ ಬಿಗಿ ಬೇಕು, ಕೇಕಿಗೆ ಬೇಡ. ಮಫಿನ್ ಮಾಡುವ ಕ್ರಮದಲ್ಲಿ ಒಣಹಿಟ್ಟು ಕಾಣದಷ್ಟು ಮಾತ್ರ ಕಲಕಿ, ಸಣ್ಣ ಗಂಟುಗಳಿದ್ದರೆ ಇರಲಿ ಎಂದು ಬರೆದಿರುವುದು ಉದಾಸೀನದ ಮಾತಲ್ಲ. ಗಂಟು ಹೋಗುವವರೆಗೆ ಕಲಕಿದ ಮಫಿನ್ ಬೆಂದ ಮೇಲೆ ಕತ್ತರಿಸಿ ನೋಡಿದರೆ ಒಳಗೆ ಉದ್ದುದ್ದ ಸುರಂಗಗಳಂಥ ತೂತುಗಳು ಕಾಣುತ್ತವೆ, ಬಾಯಿಗೆ ರಬ್ಬರಿನಂತೆ ಸಿಗುತ್ತದೆ.

ವಿಸ್ಕ್ ಎಂಬುದು ಕ್ರಿಯೆಯ ಹೆಸರೂ ಹೌದು, ತಂತಿಗಳನ್ನು ಬಳಸಿ ಮಾಡಿದ ಆ ಸಾಧನದ ಹೆಸರೂ ಹೌದು. ಪಾಕಕ್ರಮದಲ್ಲಿ ಈ ಪದ ಎರಡು ಕೆಲಸಗಳಿಗೆ ಬರುತ್ತದೆ. ಒಂದು, ತೆಳ್ಳಗಿನ ಪದಾರ್ಥದಲ್ಲಿ ಗಂಟು ಒಡೆಯುವುದು. ಬಜ್ಜಿಯ ಕಡಲೆಹಿಟ್ಟಿಗೆ ಮೊದಲು ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಡೆದು, ಆಮೇಲೆ ನೀರು ಸೇರಿಸಿ ಹದಕ್ಕೆ ತಂದರೆ ಗಂಟು ಉಳಿಯುವುದಿಲ್ಲ. ಗಟ್ಟಿ ಹಿಟ್ಟಿನಲ್ಲಿ ತಂತಿಗಳು ಗಂಟನ್ನು ಉಜ್ಜಿ ಒಡೆಯುತ್ತವೆ. ಮೊದಲೇ ನೀರು ಹೆಚ್ಚಾದರೆ ಗಂಟುಗಳು ತೇಲುತ್ತ ತಂತಿಗಳ ನಡುವಿನಿಂದ ಜಾರಿಕೊಳ್ಳುತ್ತವೆ.

ಇನ್ನೊಂದು ಕೆಲಸ ಗಾಳಿ ಸೇರಿಸುವುದು, ವಿಸ್ಕಿನ ನಿಜವಾದ ಸಾಮರ್ಥ್ಯ ಇರುವುದು ಇಲ್ಲಿ. ಮೊಟ್ಟೆಯ ಬಿಳಿಯನ್ನು ವೇಗವಾಗಿ ಕಡೆದಾಗ ಪ್ರತಿ ತಂತಿಯೂ ಸ್ವಲ್ಪ ಗಾಳಿಯನ್ನು ಒಳಗೆ ಎಳೆದುಕೊಂಡು ಹೋಗುತ್ತದೆ. ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನುಗಳು ಬಿಚ್ಚಿಕೊಂಡು ಪ್ರತಿ ಗುಳ್ಳೆಯ ಸುತ್ತ ಪೊರೆ ಕಟ್ಟುತ್ತವೆ. ಚೆನ್ನಾಗಿ ಕಡೆದ ಬಿಳಿ ಮೂಲ ಗಾತ್ರದ ಆರೇಳು ಪಟ್ಟು ಉಬ್ಬಬಲ್ಲದು. ಪಾತ್ರೆಯಲ್ಲಿ ಎಣ್ಣೆ ಜಿಡ್ಡು ಇದ್ದರೆ, ಹಳದಿಯ ಒಂದು ಹನಿ ಬಿದ್ದಿದ್ದರೆ ನೊರೆ ಸರಿಯಾಗಿ ಏಳುವುದಿಲ್ಲ, ಏಕೆಂದರೆ ಕೊಬ್ಬು ಆ ಪೊರೆ ಕಟ್ಟಲು ಬಿಡುವುದಿಲ್ಲ. ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಪುಸ್ತಕಗಳು ಶಿಖರದ ಲೆಕ್ಕದಲ್ಲಿ ಹೇಳುತ್ತವೆ. ವಿಸ್ಕನ್ನು ಮೇಲೆತ್ತಿ ತಲೆಕೆಳಗು ಹಿಡಿದಾಗ ನೊರೆಯ ತುದಿ ಬಾಗಿದರೆ ಮೆದು ಶಿಖರ, ನೆಟ್ಟಗೆ ನಿಂತರೆ ಗಟ್ಟಿ ಶಿಖರ. ಅಲ್ಲಿಂದಲೂ ಮುಂದೆ ಹೋದರೆ ಹೊಳಪು ಹೋಗಿ ನೊರೆ ಹತ್ತಿಯ ತುಂಡುಗಳಂತೆ ಒಡೆಯುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ. ಒಡೆದ ನೊರೆಯನ್ನು ಮತ್ತೆ ಮೊದಲಿನ ಹದಕ್ಕೆ ತರುವುದು ಕಷ್ಟ, ಹೊಸ ಬಿಳಿ ತೆಗೆದುಕೊಳ್ಳುವುದೇ ವಾಸಿ.

ಮೊಟ್ಟೆ ಬಳಸದ ಮನೆಗಳಿಗೂ ಈ ಕ್ರಿಯೆ ಹೊಸದಲ್ಲ. ಉದ್ದಿನ ವಡೆಯ ಹಿಟ್ಟನ್ನು ರುಬ್ಬಿದ ಮೇಲೆ ಕೈಯಿಂದಲೇ ಒಂದೇ ದಿಕ್ಕಿನಲ್ಲಿ ಬಡಿದು ಬಡಿದು ಹಗುರ ಮಾಡುತ್ತಾರೆ. ನೀರಿಗೆ ಒಂದು ತೊಟ್ಟು ಹಿಟ್ಟು ಬಿಟ್ಟಾಗ ತೇಲಿದರೆ ಗಾಳಿ ಸಾಕಷ್ಟು ಸೇರಿದೆ, ಮುಳುಗಿದರೆ ಇನ್ನೂ ಬಡಿಯಬೇಕು. ಕೆನೆಯದು ಇನ್ನೊಂದು ಬಗೆ. ಶೇಕಡಾ 30ಕ್ಕಿಂತ ಹೆಚ್ಚು ಕೊಬ್ಬಿರುವ ತಣ್ಣಗಿನ ಕೆನೆಯನ್ನು ಕಡೆದರೆ ಕೊಬ್ಬಿನ ಕಣಗಳು ಅರೆಬರೆ ಅಂಟಿಕೊಂಡು ಗಾಳಿಗುಳ್ಳೆಗಳನ್ನು ಹಿಡಿದಿಡುತ್ತವೆ. ನಿಲ್ಲಿಸದೆ ಕಡೆಯುತ್ತಲೇ ಹೋದರೆ ಆ ಕಣಗಳು ಪೂರ್ತಿ ಒಂದಾಗಿ ಬೆಣ್ಣೆ ಬೇರೆ, ಮಜ್ಜಿಗೆ ಬೇರೆ ಆಗುತ್ತದೆ. ಕಡಗೋಲು ಬೇಕೆಂದೇ ಮಾಡುವ ಕೆಲಸವನ್ನು ಕೇಕಿನ ಮೇಲೆ ಹಚ್ಚುವ ಕೆನೆಯಲ್ಲಿ ಅರ್ಧದಾರಿಗೆ ನಿಲ್ಲಿಸಬೇಕು. ಕೋಣೆಯ ಬಿಸಿಯಲ್ಲಿಟ್ಟ ಕೆನೆಯಲ್ಲಿ ಕೊಬ್ಬು ಮೆತ್ತಗಾಗಿರುವುದರಿಂದ ನೊರೆ ನಿಲ್ಲುವುದೇ ಇಲ್ಲ. ಕರ್ನಾಟಕದ ಬೇಸಿಗೆಯಲ್ಲಿ ಪಾತ್ರೆ ಮತ್ತು ವಿಸ್ಕನ್ನೂ ಫ್ರಿಜ್ಜಿನಲ್ಲಿಟ್ಟು ತಣಿಸಿಕೊಳ್ಳಬೇಕಾಗುತ್ತದೆ. ವಿಸ್ಕಿಲ್ಲವೆಂದು ಮಿಕ್ಸಿ ಜಾರಿಗೆ ಸುರಿಯುವುದು ಸರಿಯಾದ ಬದಲಿಯಲ್ಲ. ಮಿಕ್ಸಿಯ ಬ್ಲೇಡು ಕೊಚ್ಚಲು ಇರುವುದು, ತಂತಿಗಳಂತೆ ಗಾಳಿಯನ್ನು ಸೆರೆಹಿಡಿಯುವುದಿಲ್ಲ.

ಫೋಲ್ಡ್ ನಾಲ್ಕರಲ್ಲೂ ಹೆಚ್ಚು ತಪ್ಪಾಗಿ ಅರ್ಥವಾಗುವ ಪದ. ಅನುವಾದದ ಪಾಕಕ್ರಮಗಳಲ್ಲಿ ಇದು 'ಮಡಚಿ' ಎಂದಾಗಿ ಬಂದಾಗ ಓದುಗರಿಗೆ ಏನನ್ನು ಮಡಚಬೇಕೆಂದೇ ತಿಳಿಯುವುದಿಲ್ಲ. ನಿಜವಾಗಿ ನಡೆಯುವುದು ತಳದ ಪದಾರ್ಥವನ್ನು ಎತ್ತಿ ಮೇಲಿನದರ ಮೇಲೆ ಮಗುಚುವ ಕೆಲಸ. ಹಗುರವಾದ, ಗಾಳಿ ತುಂಬಿದ ಪದಾರ್ಥಕ್ಕೆ ಭಾರವಾದದ್ದನ್ನು ಸೇರಿಸಬೇಕಾದಾಗ ಮಾತ್ರ ಇದರ ಅಗತ್ಯ ಬೀಳುತ್ತದೆ. ಒಂದು ಸ್ಪಂಜ್ ಕೇಕಿನ ವಿಧಾನವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಜೆನ್ವಾಸ್ ಎಂದು ಕರೆಯುವ ಈ ಕೇಕಿಗೆ 4 ಮೊಟ್ಟೆ, 120 ಗ್ರಾಂ ಸಕ್ಕರೆ, 120 ಗ್ರಾಂ ಮೈದಾ, 40 ಗ್ರಾಂ ಕರಗಿಸಿದ ಬೆಣ್ಣೆ ಸಾಕು. ಸಾಂಪ್ರದಾಯಿಕ ಕ್ರಮದಲ್ಲಿ ಇದಕ್ಕೆ ಬೇಕಿಂಗ್ ಪೌಡರ್ ಹಾಕುವುದಿಲ್ಲ. ಕೇಕು ಉಬ್ಬುವುದು ಪೂರ್ತಿಯಾಗಿ ಮೊಟ್ಟೆಯಲ್ಲಿ ಸೇರಿಸಿದ ಗಾಳಿ ಮತ್ತು ಒಲೆಯಲ್ಲಿ ಏಳುವ ಹಬೆಯಿಂದ. ಮೊದಲು ಮೊಟ್ಟೆ ಮತ್ತು ಸಕ್ಕರೆಯ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಬೆರಳಿಗೆ ಉಗುರುಬೆಚ್ಚಗೆನಿಸುವವರೆಗೆ, ಅಂದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ, ಕಲಕಬೇಕು. ಇಲ್ಲಿನ ಕಲಕುವಿಕೆ ಮೊಟ್ಟೆ ಬೇಯದಿರಲೆಂದು, ಸಕ್ಕರೆ ಕರಗಲೆಂದು. ಆಮೇಲೆ ಕೆಳಗಿಳಿಸಿ ವಿದ್ಯುತ್ ಬೀಟರಿನಿಂದ ಕಡೆದರೆ ಏಳೆಂಟು ನಿಮಿಷಗಳಲ್ಲಿ ಮಿಶ್ರಣ ಮೂರು ಪಟ್ಟು ಉಬ್ಬಿ ತಿಳಿ ಹಳದಿಯಾಗುತ್ತದೆ. ಕೈಯಲ್ಲಿ ಕಡೆಯುವುದಾದರೆ ಇದರ ಎರಡರಷ್ಟು ಹೊತ್ತು ಹಿಡಿಯಬಹುದು. ಬೀಟರನ್ನು ಎತ್ತಿದಾಗ ಮಿಶ್ರಣ ದಪ್ಪ ರಿಬ್ಬನ್ನಿನಂತೆ ಕೆಳಗಿಳಿದು, ಬಿದ್ದ ಗೆರೆ ಕೆಲವು ಕ್ಷಣ ಮೇಲೆಯೇ ಕಾಣುತ್ತಿದ್ದರೆ ಹದ ಬಂದಂತೆ. ಗೆರೆ ತಕ್ಷಣ ಮುಳುಗಿಹೋದರೆ ಇನ್ನೂ ಕಡೆಯಬೇಕು.

ಇಲ್ಲಿಂದ ವಿಸ್ಕನ್ನು ಬದಿಗಿಟ್ಟು ಅಗಲವಾದ ಸಿಲಿಕೋನ್ ಸ್ಪ್ಯಾಚುಲಾ ಹಿಡಿಯಬೇಕು. ಮೈದಾವನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ನೊರೆಯ ಮೇಲೆ ಜರಡಿಯಿಂದ ತೆಳುವಾಗಿ ಉದುರಿಸಬೇಕು. ಸ್ಪ್ಯಾಚುಲಾದ ಅಂಚನ್ನು ಪಾತ್ರೆಯ ನಡುವೆ ಚಾಕುವಿನಂತೆ ತಳದವರೆಗೆ ಇಳಿಸಿ, ತಳವನ್ನು ಸವರುತ್ತ ತನ್ನತ್ತ ಎಳೆದು, ಪಾತ್ರೆಯ ಗೋಡೆಗುಂಟ ಮೇಲೆ ತಂದು, ಎತ್ತಿದ ಹಿಟ್ಟನ್ನು ಮೇಲ್ಭಾಗದ ಮೇಲೆ ನಿಧಾನವಾಗಿ ಮಗುಚಬೇಕು. ಇಷ್ಟಾದ ಮೇಲೆ ಇನ್ನೊಂದು ಕೈಯಿಂದ ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅದೇ ಚಲನೆ. ಹಿಟ್ಟು ಬಹುಪಾಲು ಮರೆಯಾದಾಗ ಎರಡನೇ ಪಾಲು, ಹಾಗೆಯೇ ಮೂರನೆಯದು. ಒಂದೇ ಸಲ ಎಲ್ಲ ಮೈದಾ ಸುರಿದರೆ ಅದು ಭಾರಕ್ಕೆ ನೇರವಾಗಿ ತಳ ಸೇರುತ್ತದೆ. ಅದನ್ನು ಮೇಲೆತ್ತಲು ಹೆಚ್ಚು ಸಲ ಮಗುಚಬೇಕಾಗಿ ಅಷ್ಟೂ ಗಾಳಿ ಕಳೆದುಹೋಗುತ್ತದೆ.

ಈ ಚಲನೆಯಲ್ಲಿ ಸ್ಪ್ಯಾಚುಲಾ ನೊರೆಯನ್ನು ಸೀಳುವುದು ಪ್ರತಿ ಸಲ ಒಂದೇ ಗೆರೆಯಲ್ಲಿ. ಉಳಿದ ಗುಳ್ಳೆಗಳು ಹಾಗೇ ಇರುತ್ತವೆ. ಸುತ್ತಸುತ್ತ ಕಲಕಿದರೆ ಸೌಟು ಎಲ್ಲ ಗುಳ್ಳೆಗಳ ಮೇಲೂ ಮತ್ತೆ ಮತ್ತೆ ಹಾಯುತ್ತದೆ, ಜೊತೆಗೆ ಮೈದಾದ ಗ್ಲುಟೆನ್ ಕೂಡ ಬಿಗಿಯುತ್ತದೆ. ಬೆಣ್ಣೆಯನ್ನು ಸೇರಿಸುವಲ್ಲಿ ಇನ್ನೂ ಎಚ್ಚರ ಬೇಕು. ಕರಗಿದ ಬೆಣ್ಣೆ ನೇರವಾಗಿ ಬಿದ್ದರೆ ತಳಕ್ಕಿಳಿಯುತ್ತದೆ, ದಾರಿಯಲ್ಲಿ ಸಿಕ್ಕ ಗುಳ್ಳೆಗಳನ್ನೂ ಒಡೆಯುತ್ತದೆ. ಅದಕ್ಕಾಗಿ ಒಂದು ಸೌಟು ಹಿಟ್ಟನ್ನು ಬೇರೆ ಬಟ್ಟಲಿಗೆ ತೆಗೆದು ಬೆಣ್ಣೆಯೊಂದಿಗೆ ಚೆನ್ನಾಗಿ ಕಲಸಿ, ಆ ಮಿಶ್ರಣವನ್ನು ಮೂಲ ಪಾತ್ರೆಗೆ ಮಗುಚಿ ಸೇರಿಸುತ್ತಾರೆ. ಆ ಒಂದು ಸೌಟಿನ ಗಾಳಿ ಹೋಗುತ್ತದೆ, ಉಳಿದದ್ದರ ಗಾಳಿ ಉಳಿಯುತ್ತದೆ. ಒಳ್ಳೆಯ ಪಾಕಕ್ರಮದಲ್ಲಿ ಈ ಒಂದೇ ಹಂತಕ್ಕೆ ಕಲಸು ಮತ್ತು ಮಗುಚು ಎಂದು ಎರಡು ಕ್ರಿಯಾಪದಗಳಿರುವುದು ಈ ಕಾರಣಕ್ಕೆ.

ಒಣ ಹಿಟ್ಟಿನ ಗೆರೆ ಕಾಣದಂತಾದ ಕ್ಷಣವೇ ನಿಲ್ಲಿಸಬೇಕು. ಮಗುಚಿದ್ದು ಹೆಚ್ಚಾಯಿತೆಂಬುದು ಪಾತ್ರೆಯಲ್ಲೇ ತಿಳಿಯುತ್ತದೆ: ಹಿಟ್ಟಿನ ಮಟ್ಟ ಇಳಿದಿರುತ್ತದೆ, ಮೇಲೆ ದೊಡ್ಡ ಗುಳ್ಳೆಗಳು ಎದ್ದು ಒಡೆಯುತ್ತಿರುತ್ತವೆ, ಹಿಟ್ಟು ನೀರುನೀರಾಗಿ ಹರಿಯುತ್ತದೆ. ಕಡಿಮೆಯಾದರೆ ಟಿನ್ನಿಗೆ ಸುರಿಯುವಾಗ ತಳದಿಂದ ಬಿಳಿ ಹಿಟ್ಟಿನ ಗಂಟುಗಳು ಹೊರಬೀಳುತ್ತವೆ. 20 ಸೆಂಟಿಮೀಟರ್ ಟಿನ್ನಿನಲ್ಲಿ 180 ಡಿಗ್ರಿ ಶಾಖಕ್ಕೆ ಸುಮಾರು 25 ನಿಮಿಷ ಬೆಂದ ಮೇಲೆ ಕೇಕನ್ನು ಅಡ್ಡ ಕತ್ತರಿಸಿದರೆ ಫಲ ಎದುರಿಗಿರುತ್ತದೆ. ಸರಿಯಾಗಿ ಮಗುಚಿದ್ದರೆ ತಳದಿಂದ ಮೇಲಿನವರೆಗೆ ಒಂದೇ ಸಮನಾದ ಸಣ್ಣ ರಂಧ್ರಗಳಿರುತ್ತವೆ. ತಳದಲ್ಲಿ ಅಂಟಂಟಾದ ದಟ್ಟ ಪದರ ಕುಳಿತಿದ್ದರೆ ಬೆಣ್ಣೆಯೋ ಮೈದಾವೋ ಕೆಳಗೆ ಇಳಿದಿದೆ. ಒಲೆಯನ್ನು ದೂರುವ ಮೊದಲು ಈ ಹಂತವನ್ನು ನೆನೆದು ನೋಡುವುದು ಒಳ್ಳೆಯದು.

ಇದೇ ಎಚ್ಚರವನ್ನು ಇಡ್ಲಿ ಹಿಟ್ಟಿನಲ್ಲಿ ಕನ್ನಡದ ಅಡುಗೆಮನೆಗಳು ಬಹುಕಾಲದಿಂದ ಪಾಲಿಸುತ್ತ ಬಂದಿವೆ. ಇಲ್ಲಿ ಗಾಳಿಯ ಬದಲು ಹುದುಗುವಾಗ ಸೂಕ್ಷ್ಮಜೀವಿಗಳು ಬಿಡುವ ಅನಿಲವಿದೆ, ಅದನ್ನು ಹಿಡಿದಿಡುವುದು ಉದ್ದಿನ ಅಂಟು. ಬೆಳಗ್ಗೆ ಉಬ್ಬಿ ನಿಂತ ಹಿಟ್ಟನ್ನು ಸೌಟಿನಿಂದ ಗರಗರ ತಿರುಗಿಸಿದರೆ ಅದು ಕಣ್ಣೆದುರೇ ಕುಸಿಯುತ್ತದೆ, ಇಡ್ಲಿ ಚಪ್ಪಟೆಯಾಗಿ ಗಟ್ಟಿ ಬರುತ್ತದೆ. ಉಪ್ಪನ್ನು ರಾತ್ರಿಯೇ ಹಾಕಿಟ್ಟರೆ ಬೆಳಗ್ಗೆ ಕಲಕುವ ಪ್ರಮೇಯವೇ ಇರುವುದಿಲ್ಲ. ಬೆಳಗ್ಗೆ ಹಾಕುವುದಾದರೆ ಸ್ವಲ್ಪ ನೀರಿನಲ್ಲಿ ಕರಗಿಸಿ, ತಳದಿಂದ ಮೇಲಕ್ಕೆ ಎರಡು ಮೂರು ಸಲ ಮಗುಚಿದರೆ ಸಾಕು. ಮಿಕ್ಕ ಹಿಟ್ಟನ್ನು ಮರುದಿನ ದೋಸೆಗೆ ಬಳಸುವಾಗ ಈ ನಿಯಮ ಬೇಕಿಲ್ಲ. ದೋಸೆ ಹಿಟ್ಟನ್ನು ನೀರು ಹಾಕಿ ಕಲಕಿ ತೆಳ್ಳಗೆ ಮಾಡಿದರೂ ಕಾವಲಿಯ ಮೇಲೆ ತೆಳುವಾಗಿ ಹರಡುವುದರಿಂದ ನಷ್ಟ ಕಾಣುವುದಿಲ್ಲ.

ಟಾಸ್ ಎಂದರೆ ಪದಾರ್ಥವನ್ನು ಮೇಲಕ್ಕೆ ಎಗರಿಸಿ ಬೀಳಿಸುವುದು, ಅಥವಾ ಎರಡು ಚಮಚಗಳಿಂದ ಮೇಲೆತ್ತಿ ಬಿಡುವುದು. ಇದು ದ್ರವ ಪದಾರ್ಥಗಳಿಗೆ ಸಲ್ಲುವ ಪದವಲ್ಲ, ಬಿಡಿಬಿಡಿಯಾದ ತುಂಡುಗಳಿಗೆ ಎಣ್ಣೆ, ಮಸಾಲೆ, ಸಾಸನ್ನು ತೆಳುವಾಗಿ ಹತ್ತಿಸುವುದಕ್ಕೆ ಬರುವ ಪದ. ತುಂಡುಗಳು ಮುರಿಯಬಾರದು, ಜಜ್ಜಿಹೋಗಬಾರದು. ಚುರುಮುರಿ ಮಾರುವವರು ಪಾತ್ರೆಯನ್ನು ಕೈಯಲ್ಲಿ ಹಿಡಿದು ಕುಲುಕುವುದು ಅಪ್ಪಟ ಟಾಸ್. ಸೌಟಿನಿಂದ ಕಲಸಿದರೆ ಮಂಡಕ್ಕಿ ಒತ್ತಿಕೊಂಡು ಟೊಮೆಟೊ, ಈರುಳ್ಳಿಯ ನೀರನ್ನು ಬೇಗ ಹೀರಿ ಮೆತ್ತಗಾಗುತ್ತದೆ. ಗೋಬಿ ಮಂಚೂರಿಯಲ್ಲೂ ಹಾಗೆಯೇ. ಕರಿದ ಹೂಕೋಸನ್ನು ಸಾಸಿಗೆ ಹಾಕಿ ದೊಡ್ಡ ಉರಿಯಲ್ಲಿ ಕೆಲವೇ ಕ್ಷಣ ಎಗರಿಸಿದರೆ ಹೊರಪದರ ಗರಿಯಾಗಿಯೇ ಉಳಿಯುತ್ತದೆ, ಮೇಲೆ ಹಾರಿದಾಗ ಹಬೆಯೂ ಹೊರಹೋಗುತ್ತದೆ. ಸೌಟಿನಿಂದ ಕಲಕುತ್ತ ಕೂತರೆ ಪದರ ಕಿತ್ತುಬಂದು ಸಾಸಿನಲ್ಲಿ ಕರಗುತ್ತದೆ.

ಬಾಣಲೆಯಲ್ಲಿ ಎಗರಿಸುವಾಗ ಮೇಲಕ್ಕೆ ಎತ್ತುವುದಕ್ಕಿಂತ ಮುಂದೆ ತಳ್ಳಿ ಹಿಂದೆ ಎಳೆಯುವುದು ಮುಖ್ಯ. ಬಾಣಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ ತಳ್ಳಿದರೆ ಪದಾರ್ಥ ಎದುರಿನ ಬಾಗಿದ ಅಂಚಿಗೆ ಜಾರುತ್ತದೆ. ಥಟ್ಟನೆ ಹಿಂದಕ್ಕೆ ಎಳೆದಾಗ ಆ ಅಂಚೇ ಅದನ್ನು ಮೇಲಕ್ಕೆ ತಿರುಗಿಸಿ ಎಗರಿಸುತ್ತದೆ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಇದು ಆಗದು. ಭಾರವಾದ ಕಬ್ಬಿಣದ ಬಾಣಲೆಯಲ್ಲೂ ಕಷ್ಟ. ಅಂಥಲ್ಲಿ ಎರಡು ಮಗುಚುವ ಕೈಗಳಿಂದ ಎರಡೂ ಬದಿಯಿಂದ ಎತ್ತಿ ಬಿಟ್ಟರೆ ಫಲ ಅದೇ.

ಚಿತ್ರಾನ್ನ, ಪುಳಿಯೋಗರೆಗಳಿಗೆ ಬೇಕಾದದ್ದೂ ಇಂಥದೇ ಚಲನೆ. ಬಿಸಿ ಅನ್ನದ ಅಗುಳು ಮೆತ್ತಗಿರುವುದರಿಂದ ಗೊಜ್ಜು ಹಾಕಿ ಕಲಸಿದ ಕೂಡಲೇ ಮುರಿದು ಮುದ್ದೆಯಾಗುತ್ತದೆ. ಅಗಲ ತಟ್ಟೆಯಲ್ಲಿ ಹರಡಿ, ಒಂದು ಚಮಚ ಎಣ್ಣೆ ಹಾಕಿ ಆರಿಸಿದರೆ ಪಿಷ್ಟ ಬಿಗಿದು ಅಗುಳು ಗಟ್ಟಿಯಾಗುತ್ತದೆ. ಆಮೇಲೆ ಗೊಜ್ಜನ್ನು ಹಾಕಿ ಬೆರಳ ತುದಿಯಿಂದಲೋ ಚಪ್ಪಟೆ ಕೈಯಿಂದಲೋ ಕೆಳಗಿನಿಂದ ಎತ್ತಿ ಬಿಡುತ್ತ ಹೋದರೆ ಪ್ರತಿ ಅಗುಳಿಗೂ ಹತ್ತುತ್ತದೆ. ಕೋಸಂಬರಿಯಲ್ಲಿ ಚಲನೆಗಿಂತ ಹೊತ್ತು ಮುಖ್ಯ. ಉಪ್ಪು ಸೌತೆಕಾಯಿಯ ನೀರನ್ನು ಹೊರಗೆಳೆಯುವುದರಿಂದ ಬಡಿಸುವ ಮುನ್ನವಷ್ಟೇ ಉಪ್ಪು ಹಾಕಿ ಕುಲುಕಬೇಕು. ಪಾಶ್ಚಾತ್ಯ ಸಲಾಡಿನ ಕ್ರಮಗಳಲ್ಲೂ ಟಾಸ್ ಎಂಬ ಪದ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ ಬರುವುದು ಇದೇ ಕಾರಣಕ್ಕೆ.

ಒಂದು ಪಾಕಕ್ರಮವನ್ನು ಓದುವಾಗ ಕ್ರಿಯಾಪದದ ಜೊತೆಗೆ ಇನ್ನೆರಡು ಸಂಗತಿಗಳನ್ನು ಹುಡುಕಬೇಕು: ಯಾವ ಸಾಧನ, ಮತ್ತು ಯಾವ ಗುರುತು ಕಂಡಾಗ ನಿಲ್ಲಿಸಬೇಕು. ನಿಮಿಷಗಳ ಲೆಕ್ಕ ಪಾತ್ರೆಯ ಗಾತ್ರ, ಉರಿ, ಕೈಯ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ, ಗುರುತು ಬದಲಾಗುವುದಿಲ್ಲ. ಐದು ನಿಮಿಷ ಕಡೆಯಿರಿ ಎಂಬುದಕ್ಕಿಂತ ತುದಿ ಬಾಗಿ ನಿಲ್ಲುವವರೆಗೆ ಕಡೆಯಿರಿ ಎಂಬ ಸೂಚನೆ ಹೆಚ್ಚು ನಂಬಲರ್ಹ. ಗುರುತು ಕೊಡದ, ಎಲ್ಲ ಹಂತಕ್ಕೂ ಒಂದೇ ಕ್ರಿಯಾಪದ ಬಳಸಿದ ಪಾಕಕ್ರಮ ಸಿಕ್ಕರೆ, ಹಿಂದಿನ ಹಂತದಲ್ಲಿ ಗಾಳಿ ಸೇರಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಸೇರಿಸಿದ್ದರೆ ಮುಂದಿನ 'ಮಿಕ್ಸ್ ಮಾಡಿ'ಯನ್ನು ಮಗುಚುವುದೆಂದೇ ಓದಿಕೊಳ್ಳುವುದು ಕ್ಷೇಮ.

ಕನ್ನಡದಲ್ಲಿ ಅಡುಗೆ ಬರೆಯುವವರ ಬಳಿ ಈ ಕೆಲಸಕ್ಕೆ ಬೇಕಾದ ಪದಗಳೆಲ್ಲ ಇವೆ. ತೆಳ್ಳಗಿನದಕ್ಕೆ ಕಲಕು, ಹಿಟ್ಟಿಗೆ ಕಲಸು, ನೊರೆಗೆ ಕಡೆ, ಹಗುರವಾದದ್ದಕ್ಕೆ ಮಗುಚು, ಬಿಡಿಯಾದದ್ದಕ್ಕೆ ಕುಲುಕು, ಮುದ್ದೆಗೆ ತೊಳಸು. ಮುಂದಿನ ಪಾಕಕ್ರಮ ಬರೆಯುವಾಗ 'ಮಿಕ್ಸ್ ಮಾಡಿ' ಎಂದಿರುವ ಪ್ರತಿ ಸಾಲಿನಲ್ಲೂ ಇವುಗಳಲ್ಲಿ ಸರಿಹೊಂದುವ ಒಂದನ್ನು ಇಟ್ಟು, ಅದರ ಪಕ್ಕದಲ್ಲಿ ನಿಲ್ಲಿಸುವ ಗುರುತನ್ನೂ ಬರೆಯಲಿ.